ಅಂಚಿನಲ್ಲಿ ಉಳಿಯುವ ಹಸಿರು

ಹಸಿರು ಪರದೆಯ ಮುಂದೆ ಚಿತ್ರಿಸಿದ ವ್ಯಕ್ತಿಯ ಹಿಂದಿನಿಂದ ಪರದೆಯನ್ನು ಅಳಿಸಿದ ಮೇಲೂ ಕೂದಲ ತುದಿಯಲ್ಲಿ, ಕೆನ್ನೆಯ ಬದಿಯಲ್ಲಿ, ಭುಜದ ಮೇಲಂಚಿನಲ್ಲಿ ತೆಳುವಾದ ಹಸಿರು ಉಳಿದುಬಿಡುತ್ತದೆ. ಎಡಿಟಿಂಗ್ ಕೋಣೆಯಲ್ಲಿ ಇದಕ್ಕೆ ಸ್ಪಿಲ್ ಎನ್ನುತ್ತಾರೆ. ಅದನ್ನು ತೆಗೆಯುವ ಕೆಲಸಕ್ಕೆ ಡಿಸ್ಪಿಲ್. ಹಿನ್ನೆಲೆಯಲ್ಲಿ ವಿಧಾನಸೌಧವನ್ನೇ ಇಟ್ಟರೂ ಸಮುದ್ರವನ್ನೇ ಇಟ್ಟರೂ ವ್ಯಕ್ತಿ ಅಲ್ಲಿ ನಿಂತಿಲ್ಲ ಎಂಬುದನ್ನು ನೋಡುಗರಿಗೆ ಮೊದಲು ಹೇಳಿಕೊಡುವುದು ಈ ಹಸಿರೇ.

ಈ ಹಸಿರು ಎರಡು ದಾರಿಗಳಿಂದ ಬರುತ್ತದೆ. ಪರದೆಯ ಮೇಲೆ ಬಿದ್ದ ಬೆಳಕು ಹಸಿರಾಗಿ ಚಿಮ್ಮಿ ಮೈಮೇಲೆ ಬೀಳುವುದು ಒಂದು ದಾರಿ. ಪರದೆಗೆ ಹತ್ತಿರ ನಿಂತಷ್ಟೂ ಇದು ಹೆಚ್ಚು. ಕ್ಯಾಮೆರಾಕ್ಕೆ ಓರೆಯಾಗಿ ತಿರುಗಿದ ಭಾಗಗಳು ಹಿಂದಿನ ಬೆಳಕನ್ನು ಹೆಚ್ಚಾಗಿ ಪ್ರತಿಫಲಿಸುವುದರಿಂದ ಅಂಚುಗಳಲ್ಲೇ ಎದ್ದು ಕಾಣುತ್ತದೆ. ಇನ್ನೊಂದು ದಾರಿ ಪಿಕ್ಸೆಲ್‌ನೊಳಗಿನ ಬೆರಕೆ. ಒಂದೆಳೆ ಕೂದಲು ಒಂದು ಪಿಕ್ಸೆಲ್‌ಗಿಂತ ಸಣ್ಣದಿದ್ದರೆ ಆ ಪಿಕ್ಸೆಲ್‌ನಲ್ಲಿ ಕೂದಲ ಬಣ್ಣವೂ ಪರದೆಯ ಬಣ್ಣವೂ ಸೇರಿಹೋಗಿರುತ್ತವೆ. ನೋಡುವುದಕ್ಕೆ ಎರಡೂ ಒಂದೇ ಹಸಿರು, ಆದರೆ ಮದ್ದು ಬೇರೆ ಬೇರೆ.

ಹೊಸಬರು ಸಾಮಾನ್ಯವಾಗಿ ಮಾಡುವುದು ಮ್ಯಾಟ್ ಅನ್ನು, ಅಂದರೆ ಎಲ್ಲಿ ವ್ಯಕ್ತಿ ಎಲ್ಲಿ ಪರದೆ ಎಂದು ಗುರುತಿಸುವ ಕಪ್ಪುಬಿಳುಪು ಚಿತ್ರವನ್ನು, ಒಳಕ್ಕೆ ಕುಗ್ಗಿಸುವುದು. ಹಸಿರು ಅಂಚು ಹೋಗುತ್ತದೆ, ಜೊತೆಗೆ ಕೂದಲೂ ಹೋಗುತ್ತದೆ. ತಲೆ ಕತ್ತರಿಯಲ್ಲಿ ಕತ್ತರಿಸಿದಂತೆ ಕಾಣುತ್ತದೆ. ಕೆನ್ನೆಯ ಮೇಲೆ ಚಿಮ್ಮಿದ ಹಸಿರಂತೂ ಇದರಿಂದ ಹೋಗುವುದೇ ಇಲ್ಲ, ಏಕೆಂದರೆ ಅದಿರುವುದು ಮ್ಯಾಟ್‌ನ ಅಂಚಿನಲ್ಲಲ್ಲ, ಚರ್ಮದ ಬಣ್ಣದಲ್ಲಿ.

ಚಿಮ್ಮಿದ ಹಸಿರಿಗೆ ಮದ್ದು ತೀರ ಸರಳವಾದ ಲೆಕ್ಕ. ಪ್ರತಿ ಪಿಕ್ಸೆಲ್‌ನಲ್ಲಿ ಕೆಂಪು, ಹಸಿರು, ನೀಲಿ ಎಂಬ ಮೂರು ಅಂಕಿಗಳಿರುತ್ತವೆ. ಉಳಿದೆರಡನ್ನು ನೋಡಿ ಹಸಿರಿಗೆ ಒಂದು ಮಿತಿ ಹಾಕಬೇಕು. ಮಿತಿ ದಾಟಿದ್ದನ್ನು ಅಲ್ಲಿಗೇ ಇಳಿಸಬೇಕು.

```
limit = (r + b) / 2
g = min(g, limit)
```

ಈ ಯೋಚನೆ ಕಂಪ್ಯೂಟರಿಗಿಂತ ಹಳೆಯದು. 1950ರ ದಶಕದಲ್ಲಿ ಹಾಲಿವುಡ್‌ನ ಪೆಟ್ರೋ ವ್ಲಾಹೋಸ್ ನೀಲಿ ಪರದೆಗಾಗಿ ರೂಪಿಸಿದ, 1959ರ ‘ಬೆನ್ ಹರ್’ ಚಿತ್ರದಲ್ಲಿ ಬಳಕೆಯಾದ ವಿಧಾನದಲ್ಲೂ ಇದೇ ಇತ್ತು: ನೀಲಿಯು ಹಸಿರನ್ನು ಮೀರದಂತೆ ಫಿಲ್ಮ್ ಮೇಲೆಯೇ ತಡೆಯುತ್ತಿದ್ದರು. ಇಂದಿನ ಸಾಫ್ಟ್‌ವೇರ್‌ಗಳ ಸ್ಪಿಲ್ ಸಾಧನಗಳಲ್ಲಿ ಹಲವು ಇದೇ ಲೆಕ್ಕದ ಬೇರೆ ಬೇರೆ ರೂಪಗಳು.

ಹಳದಿ ಸೀರೆಯುಟ್ಟ ವಾರ್ತಾವಾಚಕಿಯೊಬ್ಬರ ಚಿತ್ರವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅಂಕಿಗಳು 0ರಿಂದ 255ರವರೆಗೆ. ಹಸಿರು ಬಿದ್ದ ಕೆನ್ನೆಯ ಒಂದು ಪಿಕ್ಸೆಲ್‌ನಲ್ಲಿ ಕೆಂಪು 150, ಹಸಿರು 165, ನೀಲಿ 110 ಇದೆ ಎಂದುಕೊಳ್ಳೋಣ. ಕೆಂಪು ಮತ್ತು ನೀಲಿಯ ಸರಾಸರಿ 130. ಹಸಿರನ್ನು ಅಷ್ಟಕ್ಕಿಳಿಸಿದರೆ 150, 130, 110 ಉಳಿಯುತ್ತದೆ. ಅದು ಚರ್ಮದ ಸಹಜ ಬಣ್ಣವೇ. ಸರಾಸರಿಯ ಬದಲು ಎರಡರಲ್ಲಿ ದೊಡ್ಡದನ್ನು ಮಿತಿಯಾಗಿಟ್ಟರೆ ಹಸಿರು 150ರಲ್ಲೇ ನಿಲ್ಲುತ್ತದೆ, ಮುಖಕ್ಕೆ ಕಾಮಾಲೆ ಬಂದಂಥ ಕಳೆ ಬರುತ್ತದೆ. ಮುಖದ ಮಟ್ಟಿಗೆ ಸರಾಸರಿಯೇ ಸರಿ.

ಆದರೆ ಅದೇ ಸರಾಸರಿ ಸೀರೆಯನ್ನು ಕೆಡಿಸುತ್ತದೆ. ಸೀರೆಯ ಬಣ್ಣ 220, 190, 60 ಎಂದಿಟ್ಟುಕೊಂಡರೆ ಸರಾಸರಿ 140. ಅದರಲ್ಲಿ ಪರದೆಯ ಹಸಿರು ಎಳ್ಳಷ್ಟೂ ಇಲ್ಲ, ಹಳದಿ ಬಣ್ಣವೇ ಕೆಂಪು ಮತ್ತು ಹಸಿರು ಸೇರಿ ಆದದ್ದು. ಲೆಕ್ಕಕ್ಕೆ ಅದು ತಿಳಿಯದು. 190ನ್ನು 140ಕ್ಕೆ ಇಳಿಸಿ ಹಳದಿ ಸೀರೆಯನ್ನು ಕಿತ್ತಳೆ ಮಾಡಿಬಿಡುತ್ತದೆ. ಇಲ್ಲಿ ದೊಡ್ಡ ಅಂಕಿಯ ಮಿತಿಯೇ ಬೇಕು, ಆಗ ಸೀರೆಗೆ ಏನೂ ಆಗುವುದಿಲ್ಲ. ಆದ್ದರಿಂದ ಇಡೀ ಚಿತ್ರಕ್ಕೆ ಒಂದೇ ಮಿತಿ ಸಾಲದು. ಮುಖ ಮತ್ತು ಕೂದಲಿಗೆ ಒಂದು, ಬಟ್ಟೆಗೆ ಇನ್ನೊಂದು ಎಂದು ಮಾಸ್ಕ್ ಹಾಕಿ ಬೇರ್ಪಡಿಸಬೇಕು. ಬ್ಲೆಂಡರ್‌ನ Color Spill ನೋಡ್‌ನಲ್ಲಿ ಒಂದೇ ಬಣ್ಣವನ್ನು ಮಿತಿಯಾಗಿಡಬೇಕೋ ಸರಾಸರಿಯನ್ನೋ ಎಂದು ಆರಿಸಿಕೊಳ್ಳುವ ಅವಕಾಶವಿದೆ. ಈ ಹಳದಿ ಸೀರೆಗೆ ಕೆಂಪನ್ನೇ ಮಿತಿಯಾಗಿಟ್ಟರೂ ಸಾಕು.

ಹಸಿರು ಇಳಿದಾಗ ಬೆಳಕೂ ಇಳಿಯುತ್ತದೆ. ಮೂರು ಬಣ್ಣಗಳಲ್ಲಿ ಕಣ್ಣಿಗೆ ಹೆಚ್ಚು ಹೊಳಪಾಗಿ ಕಾಣುವುದು ಹಸಿರು. ಎಚ್‌ಡಿ ವಿಡಿಯೊದ ಲೆಕ್ಕದಲ್ಲಿ ಹೊಳಪಿನ ಸುಮಾರು 72 ಪಾಲು ಅದರದೇ. ಮೇಲಿನ ಕೆನ್ನೆಯಲ್ಲಿ ಹಸಿರು 35 ಇಳಿದಾಗ ಹೊಳಪು 25ರಷ್ಟು ಕುಸಿದಿರುತ್ತದೆ, ಅಂಚಿನಲ್ಲಿ ಮಸಿ ಬಳಿದಂತೆ ಕಾಣುತ್ತದೆ. ಕಳೆದ ಆ 25ನ್ನು ಮೂರೂ ಬಣ್ಣಗಳಿಗೆ ಸಮನಾಗಿ ಮರಳಿ ಕೂಡಿಸಿದರೆ 175, 155, 135 ಆಗಿ ಹೊಳಪು ಮೊದಲಿನಷ್ಟಾಗುತ್ತದೆ. ಇನ್ನೂ ಚೆನ್ನಾದ ದಾರಿಯೆಂದರೆ ಆ ಬೆಳಕನ್ನು ಹೊಸ ಹಿನ್ನೆಲೆಯ ಬಣ್ಣದಲ್ಲಿ ಮರಳಿಸುವುದು. ಸಂಜೆಯ ಸಮುದ್ರ ಹಿನ್ನೆಲೆಯಾದರೆ ಹಸಿರು ಬಿದ್ದಿದ್ದ ಜಾಗದಲ್ಲೇ ಕಿತ್ತಳೆ ಬೆಳಕು ಬೀಳುತ್ತದೆ. ನಿಜವಾಗಿ ಅಲ್ಲಿ ನಿಂತಿದ್ದರೂ ಬೆಳಕು ಬೀಳುತ್ತಿದ್ದುದು ಅದೇ ಅಂಚುಗಳ ಮೇಲೆ. ಕೆಡುಕಾಗಿ ಬಂದ ಸ್ಪಿಲ್ ಇಲ್ಲಿ ಬೆಳಕಿನ ನಕ್ಷೆಯಾಗಿ ಒದಗುತ್ತದೆ. ಈ ಇಡೀ ಕೆಲಸದಲ್ಲಿ ತುಂಬ ಚೆಲುವಾದ ಹಂತ ಇದು. ಪೂರ್ತಿ ಮರಳಿಸಬೇಕೆಂದೇನೂ ಇಲ್ಲ, ಹಿನ್ನೆಲೆ ಕತ್ತಲಾಗಿದ್ದರೆ ಸ್ವಲ್ಪ ಸಾಕು.

ಕೂದಲ ತುದಿಯ ಬೆರಕೆಗೆ ಮಿತಿ ಹಾಕುವುದಷ್ಟೇ ಸಾಲದು. ಕೂದಲಿನ ನಿಜಬಣ್ಣ 30, 25, 22. ಪರದೆ 60, 180, 70. ಒಂದು ಪಿಕ್ಸೆಲ್‌ನಲ್ಲಿ ಎರಡೂ ಅರ್ಧರ್ಧ ಇದ್ದರೆ ಕ್ಯಾಮೆರಾ ದಾಖಲಿಸುವುದು ಸುಮಾರು 45, 102, 46. ಸರಾಸರಿಯ ಮಿತಿ ಹಾಕಿದರೆ 45, 45, 46 ಆಗಿ ಹಸಿರೇನೋ ಹೋಯಿತು, ಆದರೆ ಕಪ್ಪು ಕೂದಲಿನ ಸುತ್ತ ಬೂದಿ ಬಣ್ಣದ ಮಬ್ಬು ಉಳಿಯಿತು. ಪರದೆಯ ಕೆಂಪು, ನೀಲಿಯ ಪಾಲು ಇನ್ನೂ ಒಳಗೇ ಇದೆ. ಪರದೆಯ ಪಾಲನ್ನೇ, ಅಂದರೆ 30, 90, 35ನ್ನು, ಕಳೆದರೆ ಉಳಿಯುವುದು 15, 12, 11. ಅದು ಕೂದಲಿನ ಸರಿಯಾದ ಅರ್ಧಪಾಲು. ಇನ್ನರ್ಧವನ್ನು ಹೊಸ ಹಿನ್ನೆಲೆ ತುಂಬುತ್ತದೆ.

ಈ ಕಳೆಯುವಿಕೆಗೆ ಎರಡು ಷರತ್ತುಗಳಿವೆ. ಆ ಜಾಗದಲ್ಲಿ ಪರದೆಯ ಬಣ್ಣ ಎಷ್ಟೆಂದು ಖಚಿತವಾಗಿ ಗೊತ್ತಿರಬೇಕು. ಅದಕ್ಕೆಂದೇ ವ್ಯಕ್ತಿ ಬರುವ ಮೊದಲು ಅದೇ ಬೆಳಕಿನಲ್ಲಿ ಬರಿಯ ಪರದೆಯನ್ನು ಕೆಲವು ಕ್ಷಣ ಚಿತ್ರಿಸಿಟ್ಟುಕೊಳ್ಳುತ್ತಾರೆ. ಕಳೆದಾದ ಮೇಲೆ ಅದೇ ಬಣ್ಣವನ್ನು ಮ್ಯಾಟ್‌ನಿಂದ ಮತ್ತೊಮ್ಮೆ ಗುಣಿಸಬಾರದು, ಗುಣಿಸಿದರೆ ಪಾಲಿನಲ್ಲಿ ಪಾಲಾಗಿ ಅಂಚಿನ ಸುತ್ತ ಕಪ್ಪು ಗೆರೆ ಮೂಡುತ್ತದೆ. ಹಾಗೆಯೇ ಮ್ಯಾಟ್ ಅನ್ನು ಯಾವಾಗಲೂ ಮೂಲ ಚಿತ್ರದಿಂದಲೇ ತೆಗೆಯಬೇಕು. ಮೊದಲೇ ಹಸಿರು ಇಳಿಸಿದ ಚಿತ್ರದಲ್ಲಿ ಪರದೆಯನ್ನು ಗುರುತಿಸಲು ಗುರುತೇ ಉಳಿದಿರುವುದಿಲ್ಲ.

ಕೆಲಸ ಸರಿಯಾಯಿತೇ ಎಂದು ನೋಡಲು ವ್ಯಕ್ತಿಯನ್ನು ಮೊದಲು ಬರಿಯ ಮಧ್ಯಮ ಬೂದಿ ಬಣ್ಣದ ಮೇಲಿಡುವುದು ಒಳ್ಳೆಯದು. ಬಣ್ಣದ ಹಿನ್ನೆಲೆ ಕಣ್ಣಿಗೆ ಮೋಸ ಮಾಡುತ್ತದೆ. ಅಂಚು ಗುಲಾಬಿ ನೇರಳೆಗೆ ತಿರುಗಿದ್ದರೆ ಹಸಿರನ್ನು ಅತಿಯಾಗಿ ತೆಗೆಯಲಾಗಿದೆ ಎಂದರ್ಥ. ಅಂಚಿನ ಬಣ್ಣ ಚೌಕಚೌಕವಾಗಿ ಹರಿದಂತಿದ್ದರೆ ತಪ್ಪು ಡಿಸ್ಪಿಲ್‌ನದಲ್ಲ. ಸಾಮಾನ್ಯ ಕ್ಯಾಮೆರಾಗಳು 4:2:0 ಎಂಬ ಪದ್ಧತಿಯಲ್ಲಿ ನಾಲ್ಕು ಪಿಕ್ಸೆಲ್‌ಗಳಿಗೆ ಒಂದೇ ಬಣ್ಣದ ಮಾಹಿತಿಯನ್ನು ಉಳಿಸುತ್ತವೆ, ಇಲ್ಲದ ಮಾಹಿತಿಯನ್ನು ಯಾವ ಲೆಕ್ಕವೂ ತಂದುಕೊಡದು. ವ್ಯಕ್ತಿಯನ್ನು ಪರದೆಯಿಂದ ಎರಡು ಮೂರು ಮೀಟರ್ ಮುಂದೆ ನಿಲ್ಲಿಸಿ, ಪರದೆಯ ಬೆಳಕನ್ನು ಬೇಕಾದಷ್ಟಕ್ಕೇ ಇಳಿಸಿ, ಚೌಕಟ್ಟಿನ ಆಚೆ ಇರುವ ಹಸಿರು ಬಟ್ಟೆಯನ್ನು ಕರಿಬಟ್ಟೆಯಿಂದ ಮುಚ್ಚಿದರೆ ಚಿಮ್ಮುವ ಹಸಿರು ಬಹಳ ತಗ್ಗುತ್ತದೆ. ಕೂದಲ ತುದಿಯ ಬೆರಕೆ ಮಾತ್ರ ಆಗಲೂ ಇರುತ್ತದೆ. ಅದನ್ನು ಕಳೆಯುವ ಕೆಲಸ ಎಡಿಟಿಂಗ್ ಮೇಜಿನ ಮೇಲೆಯೇ ಆಗಬೇಕು.