ನಿಮಗಿದು ಗೊತ್ತೇ? ದೀಪ ಹೊಗೆಯಾಡಿದರೆ ತಪ್ಪು ಎಣ್ಣೆಯದೇ ಆಗಬೇಕಿಲ್ಲ

ದೇವರ ಮನೆಯ ಗೋಡೆಗೆ ಮಸಿ ಹಿಡಿದರೆ ಮೊದಲು ಬೈಸಿಕೊಳ್ಳುವುದು ಎಣ್ಣೆ. ಆದರೆ ಬತ್ತಿಯ ಕುಡಿ ಉದ್ದವಾಗಿದ್ದರೆ ಒಳ್ಳೆಯ ಎಳ್ಳೆಣ್ಣೆಯೂ ಮಸಿ ಉಗುಳುತ್ತದೆ. ಬತ್ತಿ ಹೀರಿ ತಂದ ಎಣ್ಣೆಯಷ್ಟೂ ಉರಿಯಲು ಗಾಳಿ ಸಾಲದೆ ಉಳಿದ ಇಂಗಾಲವೇ ಆ ಮಸಿ. ಕುಡಿ ಅರ್ಧ ಸೆಂಟಿಮೀಟರಿನಷ್ಟು ಹೊರಗಿದ್ದರೆ ಸಾಕು. ಉರಿಯ ತುದಿ ಕೆಂಪಗೆ ಉದ್ದವಾಗಿ ಓಲಾಡುತ್ತಿದ್ದರೆ ಬತ್ತಿಯನ್ನು ಹಿಂದಕ್ಕೆಳೆಯಿರಿ, ಫ್ಯಾನನ್ನೂ ಆರಿಸಿ.

ಹರಳೆಣ್ಣೆ ಎಳ್ಳೆಣ್ಣೆಗಿಂತ ಹತ್ತು ಪಟ್ಟಿಗೂ ಹೆಚ್ಚು ಮಂದ. ಬಿಗಿಯಾಗಿ ಹೊಸೆದ ಬತ್ತಿ ಅದನ್ನು ಬೇಗ ಮೇಲೆಳೆಯಲಾರದು. ಹಣತೆಯ ತುಂಬ ಎಣ್ಣೆಯಿದ್ದೂ ದೀಪ ನಂದುತ್ತದೆ, ನೋಡಿದರೆ ಕುಡಿ ಕರಕಲು. ಸಡಿಲ ಎಳೆಯ ಬತ್ತಿ ಹಾಕಿ, ಮೂರು ಪಾಲು ಎಳ್ಳೆಣ್ಣೆಗೆ ಒಂದು ಪಾಲು ಹರಳೆಣ್ಣೆ ಬೆರೆಸಿ ನೋಡಿ.

ಅದೇ ಹರಳೆಣ್ಣೆ ಹಿತ್ತಾಳೆ ದೀಪದಲ್ಲಿ ಅಷ್ಟು ಹಟ ಮಾಡುವುದಿಲ್ಲ. ಹಿತ್ತಾಳೆ ಸ್ಟೀಲಿಗಿಂತ ಸುಮಾರು ಏಳು ಪಟ್ಟು ಚೆನ್ನಾಗಿ ಶಾಖ ಹರಿಸುತ್ತದೆ. ಮೂತಿಯ ಬಿಸಿ ಎಣ್ಣೆಗೆ ತಲುಪಿ ಅದು ತೆಳುವಾಗುತ್ತದೆ. ಕೊಬ್ಬರಿ ಎಣ್ಣೆಗೂ ಇದೇ ಲೆಕ್ಕ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುವುದರಿಂದ ಮಲೆನಾಡಿನ ಚಳಿಯ ಬೆಳಗಿಗೆ ಮಣ್ಣಿನ ಹಣತೆಗಿಂತ ಹಿತ್ತಾಳೆಯೇ ಮೇಲು. ಬೆಳ್ಳಿ ಇನ್ನೂ ಬೇಗ ಕಾಯುತ್ತದೆ, ಉರಿಯುವಾಗ ಎತ್ತಲು ಹೋದರೆ ಬೆರಳು ಸುಡುವುದು ಖಂಡಿತ!

ಹಿತ್ತಾಳೆಗೆ ಹಸಿರು ಕಿಲುಬು ಹಿಡಿಸುವುದು ನಿನ್ನೆ ಮೊನ್ನೆಯ ಉಳಿಕೆ ಎಣ್ಣೆ. ಎಣ್ಣೆ ಕಮಟಾದಂತೆ ಅದರಲ್ಲಿ ಹುಟ್ಟುವ ಆಮ್ಲ ಲೋಹದೊಳಗಿನ ತಾಮ್ರವನ್ನು ತಿನ್ನುತ್ತದೆ. ಹುಣಸೆಹಣ್ಣಿನಿಂದ ತಿಕ್ಕಿದರೆ ಹೋಗುತ್ತದೆ, ಆದರೆ ಆಮೇಲೆ ನೀರಿನ ಪಸೆ ಬಿಡಬೇಡಿ. ಒದ್ದೆ ಮೂತಿಗೆ ಬತ್ತಿ ಇಟ್ಟರೆ ಚಿಟಪಟ ಸಿಡಿಯುತ್ತದೆ.

ಬೆಳ್ಳಿ ಕಪ್ಪಾಗುವುದಕ್ಕೆ ಮುಖ್ಯ ಕಾರಣ ಗಾಳಿಯಲ್ಲಿನ ಗಂಧಕದ ಅನಿಲ. ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಹಾಳೆ ಹಾಸಿ, ದೀಪ ಅದಕ್ಕೆ ತಾಗುವಂತಿಟ್ಟು, ಅಡುಗೆ ಸೋಡಾ ಬೆರೆಸಿದ ಬಿಸಿನೀರು ಸುರಿದರೆ ಗಂಧಕ ಬೆಳ್ಳಿಯನ್ನು ಬಿಟ್ಟು ಅಲ್ಯೂಮಿನಿಯಂ ಕಡೆ ಹೋಗುತ್ತದೆ. ತಿಕ್ಕಿ ಸವೆಸುವುದು ತಪ್ಪುತ್ತದೆ.

ಸ್ಟೀಲಿಗೆ ಈ ರಗಳೆಯೇ ಇಲ್ಲ, ಸೋಪು ಹಾಕಿ ತೊಳೆದರಾಯಿತು. ತೆಳು ತಗಡಿನದು ಮಾತ್ರ ಬೇಡ, ಸೆರಗು ತಾಗಿದರೂ ಉರುಳುತ್ತದೆ.

ಹೊಸ ಮಣ್ಣಿನ ಹಣತೆಯನ್ನು ಕೆಲವು ಗಂಟೆ ನೀರಲ್ಲಿ ನೆನೆಸಿ, ಮೇಲಿನ ಪಸೆ ಆರಿದ ಮೇಲೆ ಬಳಸುವುದು ಬರೀ ಶಾಸ್ತ್ರಕ್ಕಲ್ಲ. ಸಣ್ಣ ರಂಧ್ರಗಳಲ್ಲಿ ನೀರು ತುಂಬಿದರೆ ಎಣ್ಣೆ ಇಂಗಿ ನೆಲಕ್ಕೆ ಜಿನುಗುವುದು ಕಡಿಮೆಯಾಗುತ್ತದೆ. ತಿಂಗಳುಗಟ್ಟಲೆ ಬಳಸಿ ಅಂಚಿನವರೆಗೂ ಎಣ್ಣೆ ಕುಡಿದು ಕಮಟು ನಾರುವ ಹಣತೆಯನ್ನು ಬದಲಿಸಿ.

ಅಂಗಡಿಯ ಹೂಬತ್ತಿ ಅಪ್ಪಟ ಹತ್ತಿಯೇ? ಎಣ್ಣೆ ಸೋಕಿಸದೆ ಒಂದನ್ನು ಚಿಮಟದಲ್ಲಿ ಹಿಡಿದು ಸುಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮುಟ್ಟಿದರೆ ಉದುರುವ ಬೂದಿ. ಪಾಲಿಯೆಸ್ಟರ್ ಬೆರೆತಿದ್ದರೆ ಮುದುಡಿ ಕರಗಿ, ತಣ್ಣಗಾದ ಮೇಲೆ ಗಟ್ಟಿ ಗುಳಿಗೆಯಾಗುತ್ತದೆ. ಅದು ಕಂಡರೆ ಅಂಗಡಿಯವನಿಗೆ ಪೊಟ್ಟಣ ವಾಪಸು ಕೊಡಿ.