'ನಾನು' ಹೋಗಿ 'ಇವರು' ಬಂದಾಗ

ಹುಬ್ಬಳ್ಳಿಯಲ್ಲಿ ಪಂಪ್‌ಸೆಟ್ ಮಾರುವ, ರಿಪೇರಿಯನ್ನೂ ಮಾಡಿಕೊಡುವ ಒಂದು ಸಣ್ಣ ಕಂಪನಿ ತನ್ನ ವೆಬ್‌ಸೈಟಿಗೆ 'ನಮ್ಮ ತಂಡ' ಎಂಬ ಪುಟ ಮಾಡಿಸುತ್ತಿತ್ತು. ಒಬ್ಬೊಬ್ಬರ ಬಗ್ಗೆಯೂ ಐದಾರು ಸಾಲಿನ ಪರಿಚಯ ಬೇಕು. ಅವರವರೇ ಬರೆದು ಕಳಿಸಿದ್ದನ್ನು ತಿದ್ದಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಸರ್ವಿಸ್ ವಿಭಾಗದ ಹೆಣ್ಣುಮಗಳೊಬ್ಬರು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದು ಹೀಗಿತ್ತು:

"ನಾನು ಶಿರಸಿ ಕಡೆಯವಳು. ಓದಿದ್ದು ಮೆಕ್ಯಾನಿಕಲ್. ಒಂದೈದಾರು ವರ್ಷ ಬೆಂಗಳೂರಲ್ಲಿ ಪಂಪ್ ಮಾಡೋ ಕಂಪನೀಲಿದ್ದೆ, ಟ್ರಾಫಿಕ್ ಸಾಕಾಗಿ ಇಲ್ಲಿಗೆ ಬಂದೆ. ಈಗ ಸರ್ವಿಸ್ ನೋಡ್ಕೋತೀನಿ. 14 ಜನ ಇದ್ದೀವಿ. ಮೊದಲೆಲ್ಲ ರೈತರು ಫೋನ್ ಮಾಡಿದ್ರೆ ಹೋಗೋಕೆ ಮೂರು ದಿನ ಆಗ್ತಿತ್ತು, ಈಗ ಮಾರನೇ ದಿನಾನೇ ಹೋಗ್ತೀವಿ. ಭಾನುವಾರ ಯಕ್ಷಗಾನ, ಇಲ್ಲಾಂದ್ರೆ ನಿದ್ದೆ. ಕಾಫಿ ಆಗೋವರೆಗೂ ನನ್ನ ಹತ್ರ ಯಾರೂ ಮಾತಾಡಲ್ಲ!"

ಚೆನ್ನಾಗಿದೆ. ಎದುರಿಗೆ ಕೂತು ಮಾತಾಡಿದ ಹಾಗಿದೆ. ಆದರೆ ಆ ಪುಟವನ್ನು ಓದುವವರು ಡೀಲರುಗಳು, ಸಾಲ ಕೊಡುವ ಬ್ಯಾಂಕಿನವರು, ಪಂಪ್ ಕೆಟ್ಟಾಗ ಯಾರನ್ನು ಕೇಳಬೇಕೆಂದು ಹುಡುಕುವ ರೈತರ ಮಕ್ಕಳು. ಅವರಿಗೆ ಕಾಫಿಯ ಸಂಗತಿ ಬೇಕಿಲ್ಲ.

ನಾನು ಹತ್ತು ನಿಮಿಷದಲ್ಲಿ ಮುಗಿಸಿದ ಮೊದಲ ಕರಡು ಇದು: "ಅಪಾರ ಅನುಭವವುಳ್ಳ ಎಂಜಿನಿಯರ್ ಆಗಿದ್ದು, 14 ಜನರ ತಂಡದ ನಾಯಕಿಯಾಗಿದ್ದು, ರೈತರ ದೂರುಗಳಿಗೆ ಮಾರನೆಯ ದಿನವೇ ಸ್ಪಂದಿಸುವ ವ್ಯವಸ್ಥೆಯನ್ನು ಜಾರಿಗೆ ತಂದಿದ್ದು, ಯಕ್ಷಗಾನ ಕಲಾವಿದೆಯೂ ಆಗಿದ್ದಾರೆ."

ನಮ್ಮಲ್ಲಿ ಸಭೆಗಳ ನಿರೂಪಕರಿಂದ ಅಂಟಿಕೊಂಡ ಚಾಳಿ ಇದು. ಅತಿಥಿ ವೇದಿಕೆ ಹತ್ತುವಷ್ಟರಲ್ಲಿ ಅವರ ಬದುಕನ್ನೆಲ್ಲ ಒಂದೇ ವಾಕ್ಯಕ್ಕೆ ತುರುಕಬೇಕು. ಅದಕ್ಕೆ 'ಆಗಿದ್ದು, ಆಗಿದ್ದು' ಎಂಬ ದಾರ. ಕಿವಿಗೆ ಅದು ಹೇಗೋ ನಡೆಯುತ್ತದೆ. ಕಣ್ಣಿನಲ್ಲಿ ಓದುವವನು ಎರಡನೆಯ 'ಆಗಿದ್ದು' ಹೊತ್ತಿಗೆ ಮುಂದಿನ ಫೋಟೋಗೆ ಹೋಗಿರುತ್ತಾನೆ.

ಭಾಷೆಯ ಈ ದೋಷವನ್ನು ಹೇಗೂ ಸರಿಮಾಡಬಹುದಿತ್ತು. ಅದಕ್ಕಿಂತ ದೊಡ್ಡ ಎಡವಟ್ಟು ಗೊತ್ತಾದದ್ದು ಅವರಿಗೆ ಫೋನ್ ಮಾಡಿ ಕರಡನ್ನು ಓದಿ ಹೇಳಿದಾಗ. ಅವರು ಜೋರಾಗಿ ನಕ್ಕರು. "ಕಲಾವಿದೆ ಯಾರು ಸರ್? ನಾನು ನೋಡೋಕೆ ಹೋಗ್ತೀನಿ ಅಷ್ಟೇ. ಗೆಜ್ಜೆ ಕಟ್ಟಿದವಳಲ್ಲ."

ಆಮೇಲೆ ಒಂದೊಂದಾಗಿ ಕೇಳುತ್ತ ಹೋದೆ. 14 ಜನ ಅಂದರೆ ನಿಮ್ಮನ್ನೂ ಸೇರಿಸಿಯೋ? ಹೌದು, ಸೇರಿಸಿ. ಅಂದರೆ ಅವರು ಮುನ್ನಡೆಸುವ ತಂಡ 13 ಜನರದು. 'ಇದ್ದೀವಿ' ಎಂಬುದರೊಳಗೆ ಹೇಳುವವರೂ ಕೂತಿರುತ್ತಾರೆ. ಅದನ್ನು 'ಅವರ ತಂಡ' ಎಂದು ಮಾಡುವಾಗ ಒಬ್ಬರನ್ನು ಹೊರಗೆ ತೆಗೆಯಬೇಕು ಎಂಬುದು ನನಗೆ ಹೊಳೆದಿರಲಿಲ್ಲ. ಒಂದೈದಾರು ವರ್ಷ ಅಂದರೆ? ಹಳೆಯ ಕಂಪನಿಗೆ ಸೇರಿದ್ದು 2016, ಬಿಟ್ಟದ್ದು 2021, ಇಲ್ಲಿಗೆ ಬಂದದ್ದು 2022. ಮಾರನೆಯ ದಿನವೇ ಹೋಗುವುದು ಯಾವಾಗಲೂನಾ? "ಮಳೆಗಾಲದಲ್ಲಿ ಎರಡು ದಿನ ಆಗೋದೂ ಉಂಟು." ಆ ಪದ್ಧತಿ ತಂದದ್ದು ನೀವೇನಾ? "ನಾನೊಬ್ಬಳೇ ಅಲ್ಲ. ತಾಲ್ಲೂಕಿಗೊಬ್ಬರನ್ನ ಇಟ್ಕೊಳ್ಳೋಣ ಅಂದವರು ಹಳೇ ಮೆಕ್ಯಾನಿಕ್ ಒಬ್ಬರು. ಪಟ್ಟಿ ಮಾಡಿ ಹೊಂದಿಸಿದ್ದು ನಾನು."

ಈ ಕೆಲಸದ ತಿರುಳು ಇಲ್ಲೇ ಇದೆ. ಅವರು 'ಮಾರನೇ ದಿನಾನೇ ಹೋಗ್ತೀವಿ' ಎಂದರೆ ಅದು ಮಾತು. ಕೇಳಿದವರು ಸ್ವಲ್ಪ ಹಿಂದುಮುಂದು ಮಾಡಿಯೇ ತೆಗೆದುಕೊಳ್ಳುತ್ತಾರೆ. ಅದೇ ಮಾತು 'ಇವರ ತಂಡ ಮಾರನೆಯ ದಿನವೇ ತಲುಪುತ್ತದೆ' ಎಂದಾದರೆ ಅದು ಕಂಪನಿ ಕೊಟ್ಟ ಮಾತು. ಮೂರನೆಯ ದಿನ ಯಾರೂ ಬರದಿದ್ದರೆ ರೈತ ಆ ಸಾಲನ್ನೇ ಮೊಬೈಲಿನಲ್ಲಿ ತೋರಿಸಿ ಕೇಳುತ್ತಾನೆ. 'ನಾನು' ಎನ್ನುವಾಗ ದನಿಯಲ್ಲೇ ಇರುವ ಸಡಿಲು, ನಗೆ, ಅಂದಾಜು ಎಲ್ಲ 'ಇವರು' ಎಂದಾಗ ಉದುರಿಹೋಗುತ್ತವೆ. ಅವು ಉದುರಿದ ಜಾಗಕ್ಕೆ ಇಸವಿಯನ್ನೋ 'ಸಾಮಾನ್ಯವಾಗಿ' ಎಂಬ ಒಂದು ಮಾತನ್ನೋ ತಂದಿಡಬೇಕು. ವಿಶೇಷಣ ತಂದಿಟ್ಟರೆ ನನ್ನ ಮೊದಲ ಕರಡಿನ ಗತಿ.

'ಈಗ' ಎಂಬುದನ್ನೂ ತೆಗೆದೆ. ವೆಬ್‌ಸೈಟಿನ 'ಈಗ' ಯಾವಾಗಿನದೆಂದು ಯಾರಿಗೆ ಗೊತ್ತು? 'ಆರು ವರ್ಷಗಳ ಅನುಭವ' ಎಂದು ಹಾಕಿಸಿಕೊಂಡವರು ನಾಲ್ಕು ವರ್ಷ ಕಳೆದರೂ ಅಲ್ಲಿ ಆರೇ ವರ್ಷದವರಾಗಿ ಉಳಿದಿರುತ್ತಾರೆ. '2022ರಿಂದ' ಎಂದರೆ ಲೆಕ್ಕ ಓದುವವರದು.

ಇನ್ನು ಕನ್ನಡದ್ದೇ ಆದ ಕೆಲವು ಸೂಕ್ಷ್ಮಗಳಿವೆ. 'ನನ್ನ' ಎಂದಿದ್ದ ಕಡೆಯೆಲ್ಲ 'ಅವರ' ಎಂದು ಹಾಕಿ ಕೈತೊಳೆದುಕೊಂಡರೆ ಆಗುವುದಿಲ್ಲ. 'ಅವರು ಅವರ ಸಹೋದ್ಯೋಗಿಗಳೊಂದಿಗೆ ರೂಪಿಸಿದರು' ಎಂದರೆ, ಯಾರ ಸಹೋದ್ಯೋಗಿಗಳು ಎಂದು ಓದುಗ ಒಂದು ಗಳಿಗೆ ನಿಲ್ಲುತ್ತಾನೆ. ಅಲ್ಲಿ ಬೇಕಾದದ್ದು 'ತಮ್ಮ'. ಆದರೆ 'ನನ್ನ ಊರು ಶಿರಸಿ' ಎಂಬುದು 'ಅವರ ಊರು' ಎಂದೇ ಆಗಬೇಕು; 'ತಮ್ಮ ಊರು ಶಿರಸಿ' ಎಂದರೆ ಎದುರಿಗಿದ್ದವರನ್ನು ಕೇಳಿದ ಹಾಗಾಗುತ್ತದೆ. ವಾಕ್ಯದ ಕರ್ತೃವಿಗೇ ಮರಳುವ ಕಡೆ ಮಾತ್ರ 'ತಮ್ಮ'.

ಫೋಟೋದ ಪಕ್ಕದಲ್ಲೇ ಅಚ್ಚಾಗುವ ಬರಹವಾದ್ದರಿಂದ 'ಅವರು' ಎನ್ನುವುದಕ್ಕಿಂತ 'ಇವರು' ಒಪ್ಪುತ್ತದೆ. ಅದನ್ನೂ ವಾಕ್ಯ ವಾಕ್ಯಕ್ಕೆ ಹೇಳಬೇಕಿಲ್ಲ. 'ಮುನ್ನಡೆಸುತ್ತಿದ್ದಾರೆ' ಎಂದರೆ ಸಾಕು, ಯಾರು ಎಂಬುದು ಕ್ರಿಯಾಪದದಲ್ಲೇ ಇದೆ. ಅದೇ ಪದದಲ್ಲಿ ಹೆಣ್ಣೋ ಗಂಡೋ ಎಂಬುದು ಮಾತ್ರ ಇಲ್ಲ, ಇರಬೇಕಾಗಿಯೂ ಇಲ್ಲ. ಹಾಗಾಗಿ 'ನಾಯಕಿ' ಹೋಯಿತು. ಹೆಸರಿನ ಹಿಂದೆ ಯಾರೋ ಸೇರಿಸಿದ್ದ 'ಶ್ರೀಮತಿ'ಯೂ ಹೋಯಿತು. ಪಂಪ್ ರಿಪೇರಿಗೂ ಮದುವೆಗೂ ಏನು ಸಂಬಂಧ? ಆದರೆ ಬಹುವಚನ ಎಲ್ಲರಿಗೂ ಒಂದೇ ಇರಲಿ. ಅದೇ ಪುಟದಲ್ಲಿ ಮಾಲೀಕರಿಗೆ 'ಇವರು' ಎಂದು, ಇಪ್ಪತ್ತೆರಡರ ಡ್ರೈವರಿಗೆ 'ಇವನು' ಎಂದು ಬರೆದ ಕರಡೂ ನನ್ನ ಮೇಜಿಗೆ ಬಂದಿತ್ತು.

ನಮ್ಮ ಪುಸ್ತಕಗಳ ಹಿಂಬದಿಯ ಲೇಖಕರ ಪರಿಚಯ ಹುಟ್ಟಿದೂರು, ಓದು, ನೌಕರಿ ಎಂಬ ಕ್ರಮದಲ್ಲಿ ಸಾಗುವುದು ರೂಢಿ. ಕಂಪನಿಯ ಪುಟದಲ್ಲಿ ಅದನ್ನು ತಿರುವಿಹಾಕುವುದು ಮೇಲು. ಇವರಿಂದ ನನಗೇನು ಕೆಲಸವಾದೀತು ಎಂದು ಹುಡುಕಿಕೊಂಡು ಬಂದವರಿಗೆ ಅದು ಮೊದಲ ಸಾಲಿನಲ್ಲೇ ಸಿಗಬೇಕು. ಊರು ಕೊನೆಗಿರಲಿ. ಹೆಸರನ್ನು ಬಿಟ್ಟು, ಕೊನೆಗೆ ಉಳಿದದ್ದು ಇಷ್ಟು:

"ಕಂಪನಿಯ ಸರ್ವಿಸ್ ವಿಭಾಗದ ಮುಖ್ಯಸ್ಥರು. 2022ರಿಂದ 13 ಜನರ ತಂಡವನ್ನು ಮುನ್ನಡೆಸುತ್ತಿದ್ದಾರೆ. ದೂರು ಬಂದ ಮಾರನೆಯ ದಿನ ಮೆಕ್ಯಾನಿಕ್ ಸಾಮಾನ್ಯವಾಗಿ ಹೊಲದಲ್ಲಿರುವಂತೆ, ತಾಲ್ಲೂಕಿಗೊಬ್ಬರನ್ನು ನಿಯೋಜಿಸುವ ಕ್ರಮವನ್ನು ತಮ್ಮ ಸಹೋದ್ಯೋಗಿಗಳೊಂದಿಗೆ ರೂಪಿಸಿದ್ದಾರೆ. ಮೊದಲು ಇದಕ್ಕೆ ಮೂರು ದಿನ ಹಿಡಿಯುತ್ತಿತ್ತು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿರುವ ಇವರು 2016ರಿಂದ 2021ರವರೆಗೆ ಬೆಂಗಳೂರಿನಲ್ಲಿ ಪಂಪ್ ತಯಾರಿಸುವ ಕಂಪನಿಯೊಂದರಲ್ಲಿದ್ದರು. ಊರು ಶಿರಸಿ. ಬಿಡುವಿದ್ದ ಭಾನುವಾರ ಯಕ್ಷಗಾನ ನೋಡಲು ಹೋಗುತ್ತಾರೆ."

'ಮುಖ್ಯಸ್ಥರು' ಎಂಬುದು ನನ್ನ ಊಹೆಯಲ್ಲ. 'ನೋಡ್ಕೋತೀನಿ' ಎಂಬುದಕ್ಕೆ ಹುದ್ದೆಯ ಹೆಸರೇನೆಂದು ಕಚೇರಿಯಲ್ಲಿ ಕೇಳಿಯೇ ಹಾಕಿದ್ದು. ಟ್ರಾಫಿಕ್ ಬಿಟ್ಟೆ, ಕಾಫಿ ಬಿಟ್ಟೆ. ಯಕ್ಷಗಾನವನ್ನು ಬೇಕೆಂದೇ ಉಳಿಸಿದೆ. ಆ ಒಂದು ಸಾಲೂ ಇಲ್ಲದಿದ್ದರೆ ಅದು ಯಾವ ಸರ್ವಿಸ್ ಮುಖ್ಯಸ್ಥರ ಪರಿಚಯವೂ ಆಗಬಹುದಿತ್ತು.

ಒಪ್ಪಿಗೆಗೆ ಕಳಿಸಿದೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು: "ಎಲ್ಲಾ ಸರಿ ಇದೆ ಸರ್. 'ಊರು ಶಿರಸಿ' ಅಂತ ಮಾತ್ರ ಬೇಡ. ನಮ್ಮನೆ ಇರೋದು ಪೇಟೆಯಿಂದ 18 ಕಿಲೋಮೀಟರ್ ಆಚೆ. ಶಿರಸಿ ಕಡೆಯವಳು ಅಂದಿದ್ದೆ, ಶಿರಸಿಯವಳು ಅಂದಿರಲಿಲ್ಲ."