ಔಷಧಪ್ರೇರಿತ ಯಕೃತ್ತಿನ ಹಾನಿ

ಔಷಧಿ, ಗಿಡಮೂಲಿಕೆ ಅಥವಾ ಪೂರಕ ಆಹಾರದ ಸೇವನೆಯಿಂದ ಯಕೃತ್ತಿಗೆ ಉಂಟಾಗುವ ಹಾನಿಯನ್ನು ಔಷಧಪ್ರೇರಿತ ಯಕೃತ್ತಿನ ಹಾನಿ ಎನ್ನುತ್ತಾರೆ. ಇದರಲ್ಲಿ ಎರಡು ಬಗೆಗಳಿವೆ. ಪ್ಯಾರಸಿಟಮಾಲ್‌ನಿಂದ ಆಗುವ ಹಾನಿ ಪ್ರಮಾಣವನ್ನು ಅವಲಂಬಿಸಿರುತ್ತದೆ. ಮಿತಿ ಮೀರಿದರೆ ಯಾರಿಗಾದರೂ ಆಗಬಹುದು. ಎರಡನೆಯ ಬಗೆಯದು ಕೆಲವೇ ವ್ಯಕ್ತಿಗಳಲ್ಲಿ, ಸಾಮಾನ್ಯ ಪ್ರಮಾಣದಲ್ಲಿಯೂ, ಅನಿರೀಕ್ಷಿತವಾಗಿ ಕಾಣಿಸಿಕೊಳ್ಳುತ್ತದೆ. ಗಿಡಮೂಲಿಕೆಗಳಿಂದಾಗುವ ಹಾನಿ ಹೆಚ್ಚಾಗಿ ಈ ಗುಂಪಿಗೆ ಸೇರುತ್ತದೆ.

ಪ್ಯಾರಸಿಟಮಾಲ್ ಹಾನಿಯ ಕ್ರಮ

ಯಕೃತ್ತು ಪ್ಯಾರಸಿಟಮಾಲ್‌ನ ಹೆಚ್ಚಿನ ಭಾಗವನ್ನು ನಿರಪಾಯಕಾರಿ ಸಂಯುಕ್ತಗಳಾಗಿ ಪರಿವರ್ತಿಸಿ ಮೂತ್ರದ ಮೂಲಕ ಹೊರಹಾಕುತ್ತದೆ. ಅಲ್ಪ ಭಾಗವು ಸೈಟೋಕ್ರೋಮ್ ಪಿ450 ಕಿಣ್ವಗಳ ಕ್ರಿಯೆಯಿಂದ ಎನ್‌ಎಪಿಕ್ಯೂಐ ಎಂಬ ವಿಷಕಾರಿ ವಸ್ತುವಾಗುತ್ತದೆ. ಜೀವಕೋಶದಲ್ಲಿರುವ ಗ್ಲುಟಾಥಯೋನ್ ಅದನ್ನು ಕೂಡಲೇ ನಿರ್ವಿಷಗೊಳಿಸುತ್ತದೆ. ಪ್ರಮಾಣ ಹೆಚ್ಚಾದಾಗ ಗ್ಲುಟಾಥಯೋನ್ ಬರಿದಾಗಿ, ಉಳಿದ ವಿಷವು ಮೈಟೋಕಾಂಡ್ರಿಯದ ಪ್ರೋಟೀನ್‌ಗಳಿಗೆ ಅಂಟಿಕೊಂಡು ಜೀವಕೋಶಗಳು ಸಾಯುತ್ತವೆ.

ವಯಸ್ಕರಿಗೆ ದಿನದ ಗರಿಷ್ಠ ಮಿತಿ ಸಾಮಾನ್ಯವಾಗಿ 4 ಗ್ರಾಂ. ಜ್ವರಕ್ಕೆ 650 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆ ನಾಲ್ಕು ಬಾರಿ ತೆಗೆದುಕೊಂಡರೆ 2.6 ಗ್ರಾಂ ಆಗುತ್ತದೆ. ಅದರೊಡನೆ 500 ಮಿಲಿಗ್ರಾಂ ಪ್ಯಾರಸಿಟಮಾಲ್ ಬೆರೆತ ನೆಗಡಿ ಮಾತ್ರೆಯನ್ನು ಮೂರು ಬಾರಿ ನುಂಗಿದರೆ ಒಟ್ಟು 4.1 ಗ್ರಾಂ ಆಗಿ, ಅರಿವಿಲ್ಲದೆಯೇ ಮಿತಿ ದಾಟುತ್ತದೆ. ಉಪವಾಸವಿರುವವರಲ್ಲಿ ಮತ್ತು ಮದ್ಯಪಾನಿಗಳಲ್ಲಿ ಗ್ಲುಟಾಥಯೋನ್ ಸಂಗ್ರಹ ಕಡಿಮೆಯಿರುವುದರಿಂದ ಅವರಿಗೆ ಅಪಾಯ ಹೆಚ್ಚು.

ಅತಿಸೇವನೆಯಾದ ಮೊದಲ ದಿನ ವಾಕರಿಕೆಯಷ್ಟೇ ಇರಬಹುದು. ಕೆಲವೊಮ್ಮೆ ಯಾವ ಲಕ್ಷಣವೂ ಇರುವುದಿಲ್ಲ. ಯಕೃತ್ತಿನ ಕಿಣ್ವಗಳು ರಕ್ತದಲ್ಲಿ ಏರುವುದು ಸಾಮಾನ್ಯವಾಗಿ ಎರಡನೆಯ ದಿನ. ಹಾನಿ ತಾರಕಕ್ಕೇರುವುದು ಮೂರು-ನಾಲ್ಕನೆಯ ದಿನ. ಪ್ರತಿವಿಷವಾದ ಎನ್-ಅಸಿಟೈಲ್‌ಸಿಸ್ಟೀನ್ ಗ್ಲುಟಾಥಯೋನನ್ನು ಮರುಪೂರಣಗೊಳಿಸುತ್ತದೆ. ಎಂಟು ಗಂಟೆಗಳೊಳಗೆ ಕೊಟ್ಟರೆ ಅದು ಅತ್ಯಂತ ಪರಿಣಾಮಕಾರಿ. ಆದ್ದರಿಂದ ಲಕ್ಷಣಗಳಿಗಾಗಿ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಗಿಡಮೂಲಿಕೆಗಳ ಅಪಾಯ

ದಕ್ಷಿಣ ಬೆಂಗಳೂರಿನ ಬಿಟಿಎಂ ಬಡಾವಣೆಗೆ ಸಮೀಪದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆಯು ಭಾರತದಲ್ಲಿ ಈ ಕಾಯಿಲೆಯ ಅಧ್ಯಯನದ ಪ್ರಮುಖ ಕೇಂದ್ರ. ಅಲ್ಲಿನ ವೈದ್ಯರೂ ಪಾಲ್ಗೊಂಡಿದ್ದ, 2021ರಲ್ಲಿ ಪ್ರಕಟವಾದ ರಾಷ್ಟ್ರೀಯ ಜಾಲದ ಅಧ್ಯಯನದಲ್ಲಿ 1,288 ರೋಗಿಗಳಿದ್ದರು. ಕ್ಷಯದ ಔಷಧಿಗಳು ಮೊದಲ ಕಾರಣವಾಗಿದ್ದರೆ, ಗಿಡಮೂಲಿಕೆ ಮುಂತಾದ ಪರ್ಯಾಯ ಔಷಧಗಳು ಶೇ. 13.9ರಷ್ಟು ಪ್ರಕರಣಗಳಿಗೆ ಕಾರಣವಾಗಿದ್ದವು.

ಕೋವಿಡ್ ಕಾಲದಲ್ಲಿ ರೋಗನಿರೋಧಕ ಶಕ್ತಿಗೆಂದು ಅಮೃತಬಳ್ಳಿಯ ಕಷಾಯ ಸೇವಿಸಿದ ಕೆಲವರಲ್ಲಿ ಯಕೃತ್ತಿನ ಉರಿಯೂತ ವರದಿಯಾಯಿತು. ದೇಹದ ರೋಗನಿರೋಧಕ ವ್ಯವಸ್ಥೆಯೇ ಯಕೃತ್ತಿನ ಮೇಲೆ ತಿರುಗಿಬಿದ್ದಂತಹ ಚಿತ್ರಣ ಹಲವರಲ್ಲಿತ್ತು. ಆಯುಷ್ ಸಚಿವಾಲಯವು ಈ ಸಂಬಂಧವನ್ನು ಒಪ್ಪಲಿಲ್ಲ. ಬೇರೆ ಸಸ್ಯವನ್ನು ಅಮೃತಬಳ್ಳಿಯೆಂದು ತಪ್ಪಾಗಿ ಗುರುತಿಸಿರುವ ಸಾಧ್ಯತೆಯನ್ನೂ ಅದು ಮುಂದಿಟ್ಟಿತು.

ಇಂತಹ ಹಾನಿಗೆ ನಿರ್ದಿಷ್ಟ ರಕ್ತಪರೀಕ್ಷೆಯಾಗಲಿ ಪ್ರತಿವಿಷವಾಗಲಿ ಇಲ್ಲ. ವೈರಾಣು ಸೋಂಕು ಮುಂತಾದ ಕಾರಣಗಳನ್ನು ತಳ್ಳಿಹಾಕಿ, ಸೇವನೆ ನಿಲ್ಲಿಸಿದ ಮೇಲೆ ಕಿಣ್ವಗಳು ಇಳಿಯುತ್ತವೆಯೇ ಎಂಬುದನ್ನು ನೋಡಿ ವೈದ್ಯರು ನಿರ್ಣಯಿಸುತ್ತಾರೆ. ಲಕ್ಷಣಗಳು ವಾರಗಳ ಅಥವಾ ತಿಂಗಳುಗಳ ನಂತರ ಕಾಣಿಸಿಕೊಳ್ಳುವುದರಿಂದ ರೋಗಿಗಳು ಕಷಾಯವನ್ನು ಔಷಧಿಯೆಂದು ಹೇಳದೆ ಬಿಡುವುದುಂಟು. ಕಣ್ಣು ಹಳದಿಯಾದರೆ, ಮೂತ್ರ ಗಾಢಬಣ್ಣಕ್ಕೆ ತಿರುಗಿದರೆ ಮೂಲಿಕೆಯನ್ನು ನಿಲ್ಲಿಸಿ, ಸೇವಿಸಿದ್ದೆಲ್ಲವನ್ನೂ ವೈದ್ಯರಿಗೆ ತಿಳಿಸಬೇಕು.